ಫುಟ್‌ಪಾತ್ ಮೇಲಿನ ಕಾರು ಮತ್ತು ನಾಗರಿಕರು ತೆಗೆದ ಚಿತ್ರ: ಬೆಂಗಳೂರು ಸಂಚಾರ ಪೊಲೀಸರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಜಂಟಿ ಪೊಲೀಸ್ ಆಯುಕ್ತರು (ಸಂಚಾರ),
ಬೆಂಗಳೂರು ನಗರ

ಮಾನ್ಯರೇ,

ಫುಟ್‌ಪಾತ್ ಮೇಲೆ ಹತ್ತಿಸಿ ನಿಲ್ಲಿಸಿದ ಕಾರು, ನಿಂತ ವಾಹನದ ಪಕ್ಕಕ್ಕೇ ಮತ್ತೊಂದನ್ನು ತಂದು ನಿಲ್ಲಿಸುವ ಡಬಲ್ ಪಾರ್ಕಿಂಗ್, ಇವುಗಳ ಚಿತ್ರ ತೆಗೆದು ನಿಮ್ಮ ಇಲಾಖೆಯ ಆ್ಯಪ್‌ಗೆ ಕಳುಹಿಸುವ ಸಾವಿರಾರು ಬೆಂಗಳೂರಿಗರಲ್ಲಿ ನಾನೂ ಒಬ್ಬಳು. ನಿಮ್ಮಲ್ಲಿ ಒಂದು ಕೋರಿಕೆಯಿದೆ. ನನ್ನಂತೆ ಚಿತ್ರ ಕಳುಹಿಸುವ ಇತರರಿಗೂ ಹೇಳಬೇಕಾದ ಕೆಲವು ಮಾತುಗಳಿವೆ. ಎರಡೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಜನರು ಕಳುಹಿಸುವ ಚಿತ್ರ ಸಾಕ್ಷ್ಯವಾಗಿ ನಿಲ್ಲುವಂತಿರಬೇಕು. ಹಾಗೆ ನಿಲ್ಲುವ ಚಿತ್ರಗಳು ಒಂದು ವಾಹನದ ದಂಡಕ್ಕೆ ಮುಗಿಯದೆ ಆ ಜಾಗದ ದುರಸ್ತಿಗೂ ದಾರಿಯಾಗಬೇಕು. ನಾನು ಹೇಳಬೇಕಿರುವುದು ಇಷ್ಟೇ, ಆದರೆ ವಿವರವಾಗಿ ಹೇಳದಿದ್ದರೆ ಇದೂ ಇನ್ನೊಂದು ಗೊಣಗಾಟವಾಗಿ ಕಡತ ಸೇರುತ್ತದೆ.

ಡಬಲ್ ಪಾರ್ಕಿಂಗ್ ಮಾಡುವವರ ಬಾಯಲ್ಲಿ ಸದಾ ಬರುವ ಮಾತು ‘ಎರಡೇ ನಿಮಿಷ’. ಆ ಎರಡು ನಿಮಿಷದ ಲೆಕ್ಕವನ್ನು ಅಳತೆಯಲ್ಲಿ ನೋಡೋಣ. ಹಳೆಯ ಬಡಾವಣೆಗಳ ಒಂದು ಮುಖ್ಯರಸ್ತೆಯನ್ನು ತೆಗೆದುಕೊಳ್ಳಿ. ವಾಹನ ಓಡಾಡುವ ಭಾಗ ಏಳು ಮೀಟರ್ ಅಗಲ, ಅಂದರೆ ಹೋಗಲು ಒಂದು ಸಾಲು, ಬರಲು ಒಂದು ಸಾಲು. ಸಾಮಾನ್ಯ ಕಾರು 1.7ರಿಂದ 1.8 ಮೀಟರ್ ಅಗಲವಿರುತ್ತದೆ. ಅಂಚುಗಲ್ಲಿನಿಂದ ಬಿಡುವ ಅಂತರವನ್ನೂ ಸೇರಿಸಿದರೆ ಒಂದು ಬದಿಗೆ ನಿಂತ ಕಾರು ಎರಡು ಮೀಟರ್ ನುಂಗುತ್ತದೆ. ಉಳಿದ ಐದು ಮೀಟರ್‌ನಲ್ಲಿ ವಾಹನಗಳು ಹೇಗೋ ಎದುರುಬದುರಾಗಿ ದಾಟಿಕೊಳ್ಳುತ್ತವೆ. ಅದರ ಪಕ್ಕಕ್ಕೆ ಎರಡನೆಯದು ಬಂದು ನಿಂತಿತೆಂದರೆ ಉಳಿಯುವುದು ಮೂರೇ ಮೀಟರ್. ಬಿಎಂಟಿಸಿ ಬಸ್ಸಿನ ಮೈ ಅಗಲವೇ ಎರಡೂವರೆ ಮೀಟರ್ ದಾಟುತ್ತದೆ, ಕನ್ನಡಿಗಳ ಲೆಕ್ಕ ಬೇರೆ. ಅಲ್ಲಿಗೆ ಎರಡು ದಿಕ್ಕಿನ ರಸ್ತೆ ಒಂದೇ ಸಾಲಿನ ರಸ್ತೆಯಾಗುತ್ತದೆ. ಬಸ್ ನುಸುಳುವವರೆಗೆ ಎದುರಿನವರು ಕಾಯಬೇಕು, ಅವರ ಹಿಂದಿನವರು ಹಾರ್ನ್ ಬಾರಿಸಬೇಕು. ಕಾಯುವ ತಾಳ್ಮೆಯಿಲ್ಲದ ಸ್ಕೂಟರ್ ಸವಾರರು ಫುಟ್‌ಪಾತ್ ಹತ್ತುತ್ತಾರೆ. ಹೀಗಾಗಿ ಡಬಲ್ ಪಾರ್ಕಿಂಗ್ ಮತ್ತು ಫುಟ್‌ಪಾತ್ ಅತಿಕ್ರಮಣವನ್ನು ನಾನು ಎರಡು ಬೇರೆ ಸಮಸ್ಯೆಗಳೆಂದು ನೋಡುವುದಿಲ್ಲ. ಒಂದು ಇನ್ನೊಂದನ್ನು ಹುಟ್ಟಿಸುತ್ತದೆ.

ಫುಟ್‌ಪಾತ್‌ನ ಲೆಕ್ಕ ಇನ್ನೂ ಬಿಗಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಪರಿಷ್ಕರಿಸಿದ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿಯ ಪ್ರಕಾರ ನಡೆಯುವವರಿಗೆ ಅಡೆತಡೆಯಿಲ್ಲದ 1.8 ಮೀಟರ್ ಅಗಲವಾದರೂ ಸಿಗಬೇಕು. ನಮ್ಮ ಬಹುಪಾಲು ಬಡಾವಣೆಗಳಲ್ಲಿ ಚರಂಡಿಯ ಮೇಲಿನ ಕಲ್ಲುಚಪ್ಪಡಿಯೇ ಫುಟ್‌ಪಾತ್. ಅದರಲ್ಲಿ ಒಂದೂವರೆ ಮೀಟರ್ ಸಿಕ್ಕಿದರೆ ಭಾಗ್ಯ. ಕಾರಿನ ಎಡಗಡೆಯ ಎರಡು ಚಕ್ರ ಅದರ ಮೇಲೆ ಹತ್ತಿದರೆ ಎಂಬತ್ತು ಸೆಂಟಿಮೀಟರ್ ಹೋಯಿತು, ಉಳಿಯುವುದು ಎಪ್ಪತ್ತು. ಗಾಲಿಕುರ್ಚಿ ಸಾಗಲು ಕನಿಷ್ಠ ತೊಂಬತ್ತು ಬೇಕು. ವಾಕರ್ ಹಿಡಿದು ನಡೆಯುವ ನನ್ನ ತಂದೆಯಂಥವರು ಅಂಥಲ್ಲಿ ಒಂದು ಅಡಿ ಎತ್ತರದ ಅಂಚಿನಿಂದ ರಸ್ತೆಗೆ ಇಳಿಯಬೇಕು, ವಾಹನಗಳ ನಡುವೆ ಹತ್ತು ಹೆಜ್ಜೆ ನಡೆಯಬೇಕು, ಮತ್ತೆ ಮೇಲೆ ಹತ್ತಬೇಕು. ಯಾರ ಕಣ್ಣಿಗೂ ಬೀಳದ ಹಾನಿ ಇನ್ನೊಂದಿದೆ. ಚಪ್ಪಡಿಗಳನ್ನು ಜನರ ತೂಕಕ್ಕೆಂದು ಹಾಸಿರುತ್ತಾರೆ. ಕಾರು ದಿನಾ ಹತ್ತಿಳಿದರೆ ಚಪ್ಪಡಿ ಸೀಳುತ್ತದೆ, ಒಂದು ಮಳೆಗಾಲದಲ್ಲಿ ಕುಸಿಯುತ್ತದೆ. ಆಮೇಲೆ ಅಲ್ಲಿ ಕಾರಿಲ್ಲದ ದಿನವೂ ನಡೆಯಲಾಗುವುದಿಲ್ಲ.

ಕಾನೂನಿನಲ್ಲಿ ಕೊರತೆಯಿಲ್ಲ. ನಿಂತ ವಾಹನದ ಪಕ್ಕದಲ್ಲಿ ವಾಹನ ನಿಲ್ಲಿಸಬಾರದು, ಫುಟ್‌ಪಾತ್ ಮೇಲೆ ನಿಲ್ಲಿಸಬಾರದು ಎಂದು 1989ರ ರಸ್ತೆ ನಿಯಮಗಳಲ್ಲೇ ಬರೆದಿತ್ತು. ಅವುಗಳ ಬದಲಿಗೆ ಬಂದ 2017ರ ಮೋಟಾರು ವಾಹನ ಚಾಲನಾ ನಿಯಮಗಳೂ ಫುಟ್‌ಪಾತ್, ಸೈಕಲ್ ಪಥ, ಪಾದಚಾರಿಗಳು ದಾಟುವ ಪಟ್ಟೆ, ಬಸ್ ನಿಲ್ದಾಣದ ಬಳಿ, ಶಾಲೆ ಮತ್ತು ಆಸ್ಪತ್ರೆಗಳ ಬಾಗಿಲು, ಇವೆಲ್ಲವನ್ನೂ ನಿಲುಗಡೆ ನಿಷಿದ್ಧ ಜಾಗಗಳೆಂದು ಹೇಳುತ್ತವೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡ್ಡಿಯಿಲ್ಲದ ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನ ಭಾಗವೆಂದು ಹೇಳಿ, ಪಾದಚಾರಿಗಳಿಗೆ ಸರಿಯಾದ ಫುಟ್‌ಪಾತ್ ಒದಗಿಸುವ ಮಾರ್ಗಸೂಚಿಗಳನ್ನು ಮಾಡಿಕೊಳ್ಳುವಂತೆ ರಾಜ್ಯಗಳಿಗೆ ಸೂಚಿಸಿತು. ಇಲ್ಲಿ ಒಂದು ಅಂಶವನ್ನು ಒತ್ತಿ ಹೇಳಬೇಕು. ಫುಟ್‌ಪಾತ್ ಮೇಲೆ ನಿಲ್ಲಿಸುವುದು ತಪ್ಪಾಗಲು ಅಲ್ಲಿ ‘ನೋ ಪಾರ್ಕಿಂಗ್’ ಫಲಕ ಇರಬೇಕಿಲ್ಲ. ಡಬಲ್ ಪಾರ್ಕಿಂಗ್‌ಗೂ ಹಾಗೆಯೇ. ಫಲಕ ಬೇಕಾಗುವುದು ಬೇರೆ ದಿನ, ಬೇರೆ ಹೊತ್ತಿನಲ್ಲಿ ನಿಲ್ಲಿಸಬಹುದಾದ ರಸ್ತೆಬದಿಗಳಿಗೆ. ‘ಫಲಕವೇ ಇಲ್ಲವಲ್ಲ’ ಎಂದು ಚಾಲಕರು ವಾದಿಸುವುದು ಸಹಜ. ಚಿತ್ರಗಳನ್ನು ಪರಿಶೀಲಿಸುವ ನಿಮ್ಮ ಸಿಬ್ಬಂದಿ ಮಾತ್ರ ಆ ವಾದವನ್ನು ಒಪ್ಪುವಂತಾಗಬಾರದು. ಪರಿಶೀಲನೆಯ ಕೊಠಡಿಯ ಗೋಡೆಯ ಮೇಲೆ ಈ ನಿಯಮವನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿ ಎಂಬುದು ನನ್ನ ಮೊದಲ ಕೋರಿಕೆ.

ಇನ್ನು ಆ್ಯಪ್ ವಿಷಯ. ನಾಗರಿಕರೇ ಉಲ್ಲಂಘನೆಯ ಚಿತ್ರ ಕಳುಹಿಸುವ ‘ಪಬ್ಲಿಕ್ ಐ’ ವ್ಯವಸ್ಥೆ ಈ ನಗರದಲ್ಲಿ ಶುರುವಾಗಿ ಸುಮಾರು ಹತ್ತು ವರ್ಷಗಳಾದವು. ಈಗ BTP ASTraM ಎಂಬ ಹೆಸರಿನ ನಿಮ್ಮ ಇಲಾಖೆಯ ಆ್ಯಪ್ ಮೂಲಕವೂ ಉಲ್ಲಂಘನೆಗಳನ್ನು ವರದಿ ಮಾಡಬಹುದು. ಕ್ರಮ ಸರಳವಾಗಿದೆ. ಮೊಬೈಲ್ ಸಂಖ್ಯೆ ಕೊಟ್ಟು ನೋಂದಾಯಿಸಿಕೊಳ್ಳಬೇಕು, ಸ್ಥಳ ತಿಳಿಸುವ ಸೌಲಭ್ಯಕ್ಕೆ ಅನುಮತಿ ಕೊಡಬೇಕು, ಉಲ್ಲಂಘನೆಯ ಬಗೆಯನ್ನು ಆರಿಸಬೇಕು, ಚಿತ್ರ ಸೇರಿಸಬೇಕು, ವಾಹನದ ಸಂಖ್ಯೆ ತುಂಬಬೇಕು, ಕಳುಹಿಸಬೇಕು. ಆ ಕಡೆ ಸಿಬ್ಬಂದಿ ಚಿತ್ರವನ್ನು ನೋಡಿ, ತಪ್ಪು ಕಾಣುತ್ತಿದ್ದರೆ ನೋಂದಣಿ ದಾಖಲೆಯಲ್ಲಿರುವ ಮಾಲೀಕರ ಹೆಸರಿಗೆ ಪ್ರಕರಣ ಹಾಕುತ್ತಾರೆ. ಕಾಣದಿದ್ದರೆ ತಿರಸ್ಕರಿಸುತ್ತಾರೆ.

ಕಳುಹಿಸುವವರು ಮರೆಯುವುದು ಈ ಕೊನೆಯ ಹಂತವನ್ನು. ಚಿತ್ರ ನೋಡುವ ಸಿಬ್ಬಂದಿ ಆ ರಸ್ತೆಯಲ್ಲಿ ನಿಂತಿಲ್ಲ. ನಮಗೆ ಎದುರಿಗೇ ಕಂಡ ಅಡಚಣೆ ಅವರಿಗೆ ಒಂದು ಚೌಕಟ್ಟಿನೊಳಗೆ ಕಾಣಬೇಕು. ನಂಬರ್ ಪ್ಲೇಟನ್ನು ತೀರ ಹತ್ತಿರದಿಂದ ತೆಗೆದ ಚಿತ್ರದಲ್ಲಿ ಒಂದು ನಂಬರ್ ಪ್ಲೇಟ್ ಇರುತ್ತದೆ, ತಪ್ಪು ಇರುವುದಿಲ್ಲ. ದೂರದಿಂದ ತೆಗೆದ ಇಡೀ ರಸ್ತೆಯ ಚಿತ್ರದಲ್ಲಿ ತಪ್ಪು ಇರುತ್ತದೆ, ತಪ್ಪು ಮಾಡಿದ್ದು ಯಾವ ವಾಹನ ಎಂಬುದು ಇರುವುದಿಲ್ಲ. ಎರಡೂ ಒಟ್ಟಿಗೆ ಬರಬೇಕು.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಸಂಜೆ ಆರೂವರೆ. ಒಂದು ದರ್ಶಿನಿಯ ಮುಂದೆ ರಸ್ತೆಯಂಚಿಗೆ ಬೆಳ್ಳಿ ಬಣ್ಣದ ಕಾರೊಂದು ನಿಂತಿದೆ. ಅದರ ಪಕ್ಕಕ್ಕೆ, ರಸ್ತೆಯ ನಡುವಿನ ಕಡೆ, ಬಿಳಿ ಕಾರೊಂದನ್ನು ನಿಲ್ಲಿಸಿ ಚಾಲಕ ಕಾಫಿಗೆ ಹೋಗಿದ್ದಾರೆ. ಸ್ವಲ್ಪ ಮುಂದೆ ಕೆಂಪು ಕಾರು ಎಡಚಕ್ರಗಳನ್ನು ಫುಟ್‌ಪಾತ್ ಮೇಲೆ ಹತ್ತಿಸಿಕೊಂಡಿದೆ. ಇವು ಎರಡು ತಪ್ಪುಗಳು, ಎರಡು ವರದಿಗಳು. ಎರಡನ್ನೂ ಒಂದರಲ್ಲೇ ಸೇರಿಸಿದರೆ ಯಾವ ವಾಹನಕ್ಕೆ ಯಾವ ತಪ್ಪು ಎಂಬ ಗೊಂದಲವಾಗುತ್ತದೆ.

ಬಿಳಿ ಕಾರಿನ ಚಿತ್ರವನ್ನು ಅದರ ಹಿಂದೆ ಏಳೆಂಟು ಹೆಜ್ಜೆ ದೂರದಲ್ಲಿ, ಫುಟ್‌ಪಾತ್ ಮೇಲೆಯೇ ನಿಂತು, ಸ್ವಲ್ಪ ಓರೆಯಾಗಿ ತೆಗೆಯಬೇಕು. ನೇರ ಹಿಂದಿನಿಂದ ತೆಗೆದರೆ ಬಿಳಿ ಕಾರು ರಸ್ತೆಯಲ್ಲಿ ಚಲಿಸುತ್ತಿರುವಂತೆಯೂ ಕಾಣಬಹುದು. ಓರೆಯಾಗಿ ತೆಗೆದಾಗ ಒಳಗಿನ ಬೆಳ್ಳಿ ಕಾರು, ಅದಕ್ಕೆ ಒತ್ತಿಕೊಂಡ ಬಿಳಿ ಕಾರು, ಅದರ ನಂಬರ್ ಪ್ಲೇಟ್, ಬಲಬದಿಯಲ್ಲಿ ಉಳಿದ ರಸ್ತೆಯ ಅಗಲ, ನಾಲ್ಕೂ ಒಂದೇ ಚೌಕಟ್ಟಿಗೆ ಬರುತ್ತವೆ. ದರ್ಶಿನಿಯ ಹೆಸರಿನ ಫಲಕವೂ ಒಂದು ಮೂಲೆಯಲ್ಲಿ ಬಂದರೆ ಒಳ್ಳೆಯದು. ಎತ್ತರದ ಕಟ್ಟಡಗಳ ನಡುವೆ, ಮೇಲ್ಸೇತುವೆಯ ಅಡಿಯಲ್ಲಿ ಮೊಬೈಲ್ ತೋರಿಸುವ ಸ್ಥಳ ಒಂದು ಅಡ್ಡರಸ್ತೆಯಷ್ಟು ಆಚೀಚೆ ಆಗುವುದುಂಟು. ಆಗ ಅಂಗಡಿಯ ಫಲಕವೇ ಸ್ಥಳದ ಸಾಕ್ಷಿ. ಕಾರಿನ ಬಣ್ಣ, ಮಾದರಿ ಗುರುತಾಗುವಷ್ಟು ಮೈ ಕಾಣಬೇಕು. ಏಕೆಂದರೆ ಸಂಖ್ಯೆಯನ್ನು ನೋಂದಣಿ ದಾಖಲೆಯೊಂದಿಗೆ ಹೋಲಿಸಿದಾಗ ಅಲ್ಲಿ ಸ್ಕೂಟರ್ ಎಂದು ಬಂದರೆ, ಓದಿದ ಸಂಖ್ಯೆ ತಪ್ಪು ಅಥವಾ ಪ್ಲೇಟೇ ನಕಲಿ ಎಂದು ತಿಳಿಯುತ್ತದೆ. ಇಲ್ಲದಿದ್ದರೆ ಯಾರೋ ನಿರಪರಾಧಿಯ ಮನೆಗೆ ನೋಟಿಸ್ ಹೋಗುತ್ತದೆ.

ಡಬಲ್ ಪಾರ್ಕಿಂಗ್‌ನಲ್ಲಿ ಏಳುವ ತಕರಾರು ಒಂದೇ: ‘ನಾನು ನಿಲ್ಲಿಸಿರಲಿಲ್ಲ, ಒಬ್ಬರನ್ನು ಇಳಿಸುತ್ತಿದ್ದೆ’. ಇದಕ್ಕೆ ಎರಡನೆಯ ಚಿತ್ರವೇ ಉತ್ತರ. ನಾಲ್ಕೈದು ನಿಮಿಷ ಬಿಟ್ಟು ಅದೇ ಜಾಗದಲ್ಲಿ ನಿಂತು ಅದೇ ಚೌಕಟ್ಟಿನಲ್ಲಿ ಇನ್ನೊಂದು ಚಿತ್ರ ತೆಗೆಯಬೇಕು. ಬಿಳಿ ಕಾರು ಅಲ್ಲೇ ಇದೆ, ಸುತ್ತಲಿನ ವಾಹನಗಳು, ಜನರು ಬದಲಾಗಿದ್ದಾರೆ, ಚಾಲಕನ ಆಸನ ಖಾಲಿಯಿದೆ. ಈ ಎರಡು ಚಿತ್ರಗಳು ಒಟ್ಟಿಗಿದ್ದರೆ ತಕರಾರಿಗೆ ಎಡೆಯಿಲ್ಲ. ಆದರೆ ಖಾಲಿ ಆಸನ ತೋರಿಸಲೆಂದು ಕಿಟಕಿಗೆ ಮುಖವಿಟ್ಟು ಒಳಗಿನವರ ಚಿತ್ರ ತೆಗೆಯಬಾರದು. ಒಳಗೆ ಮಗುವೋ ವೃದ್ಧರೋ ಇರಬಹುದು. ನಮಗೆ ಬೇಕಾದದ್ದು ವಾಹನ, ಮುಖವಲ್ಲ.

ಕೆಂಪು ಕಾರಿನದು ಇನ್ನೂ ಸುಲಭ. ಅಲ್ಲಿ ತಪ್ಪು ಇರುವುದು ಚಕ್ರ ಮತ್ತು ಅಂಚುಗಲ್ಲು ಕೂಡುವ ಜಾಗದಲ್ಲಿ. ಮೊಬೈಲನ್ನು ಸೊಂಟದ ಎತ್ತರಕ್ಕೆ ಇಳಿಸಿ ಕಾರಿನ ಹಿಂಬದಿಯ ಎಡಮೂಲೆಯಿಂದ ತೆಗೆದರೆ ಮೇಲೆ ಹತ್ತಿದ ಚಕ್ರ, ಅಂಚುಗಲ್ಲು, ಪ್ಲೇಟ್, ಗೋಡೆಯವರೆಗೆ ಉಳಿದ ಕಿಷ್ಕಿಂಧೆ ಎಲ್ಲವೂ ಸಿಗುತ್ತವೆ. ತಲೆಯ ಎತ್ತರದಿಂದ ತೆಗೆದ ಚಿತ್ರದಲ್ಲಿ ಅಂಚುಗಲ್ಲು ಕಾರಿನ ಮರೆಗೆ ಹೋಗುತ್ತದೆ. ಆಗ ಕಾರು ರಸ್ತೆಯಲ್ಲಿದೆಯೋ ಫುಟ್‌ಪಾತ್‌ನಲ್ಲಿದೆಯೋ ಹೇಳಲಾಗುವುದಿಲ್ಲ. ಅಂಚುಗಲ್ಲೇ ಇಲ್ಲದೆ ರಸ್ತೆಯೂ ಫುಟ್‌ಪಾತೂ ಒಂದೇ ಮಟ್ಟಕ್ಕಿರುವ ಕಡೆ ಚಪ್ಪಡಿ, ಟೈಲ್ಸ್ ಆರಂಭವಾಗುವ ಗೆರೆಯನ್ನು ತೋರಿಸಬೇಕು.

ರಾತ್ರಿಯ ಚಿತ್ರಗಳಲ್ಲಿ ಬೇರೆ ತೊಂದರೆಯಿದೆ. ಈಗಿನ ನಂಬರ್ ಪ್ಲೇಟ್‌ಗಳು ಬೆಳಕನ್ನು ಹಿಂದಕ್ಕೆ ಹೊಡೆಯುತ್ತವೆ. ಫ್ಲ್ಯಾಶ್ ಹಾಕಿ ನೇರವಾಗಿ ತೆಗೆದರೆ ಪ್ಲೇಟ್ ಬಿಳಿ ಚೌಕವಾಗಿ ಬಿಡುತ್ತದೆ, ಒಂದಕ್ಷರವೂ ಕಾಣುವುದಿಲ್ಲ. ಫ್ಲ್ಯಾಶ್ ಆರಿಸಿ, ಬೀದಿದೀಪದ ಬೆಳಕಿನಲ್ಲಿ ಓರೆಯಾಗಿ ತೆಗೆದರೆ ಅಕ್ಷರಗಳು ಉಳಿಯುತ್ತವೆ. ಕಳುಹಿಸುವ ಮುನ್ನ ಚಿತ್ರವನ್ನು ಹಿಗ್ಗಿಸಿ ನೋಡಿ, 8 ಮತ್ತು ಬಿ, 0 ಮತ್ತು ಡಿ ಒಂದೇ ರೀತಿ ಕಾಣುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರವನ್ನು ಇನ್ನೊಬ್ಬರು ಆ್ಯಪ್‌ಗೆ ಏರಿಸುವುದು ಅಪಾರ್ಟ್‌ಮೆಂಟ್ ಗುಂಪುಗಳಲ್ಲಿ ಬೆಳೆಯುತ್ತಿರುವ ಅಭ್ಯಾಸ. ಇದನ್ನು ಬಿಡಬೇಕು. ಹಾಗೆ ಹಾದುಬಂದ ಚಿತ್ರ ಕುಗ್ಗಿರುತ್ತದೆ, ತೆಗೆದ ಸಮಯ ಮತ್ತು ಸ್ಥಳದ ಮಾಹಿತಿ ಅಳಿಸಿಹೋಗಿರುತ್ತದೆ. ಮಾಲೀಕರು ದಂಡ ಕಟ್ಟಿದರೆ ವಿಷಯ ಅಲ್ಲಿಗೇ ಮುಗಿಯಿತು. ಒಪ್ಪದೆ ನ್ಯಾಯಾಲಯಕ್ಕೆ ಹೋದರೆ ವಿದ್ಯುನ್ಮಾನ ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಚಿತ್ರ ಯಾವ ಸಾಧನದಿಂದ ಹೇಗೆ ಬಂತು ಎಂದು ಹೇಳಬೇಕಾಗುತ್ತದೆ. ಕಂಡವರೇ ತೆಗೆದು, ಕಂಡವರೇ ಕಳುಹಿಸಿ, ಮೂಲ ಚಿತ್ರವನ್ನು ಅಳಿಸದೆ ಇಟ್ಟುಕೊಂಡಾಗ ಮಾತ್ರ ಈ ಸರಪಳಿ ತುಂಡಾಗುವುದಿಲ್ಲ. ಅದೇ ಕಾರಣಕ್ಕೆ ಚಿತ್ರವನ್ನು ಕತ್ತರಿಸುವುದು, ಬಾಣದ ಗುರುತು ಹಾಕುವುದು, ಹೊಳಪು ಹೆಚ್ಚಿಸುವುದು ಯಾವುದೂ ಬೇಡ.

ಚಾಲಕರೊಂದಿಗೆ ಜಗಳವೂ ಬೇಡ. ಚಿತ್ರ ತೆಗೆಯುತ್ತಿರುವುದನ್ನು ಕಂಡು ಯಾರಾದರೂ ಏರುದನಿಯಲ್ಲಿ ಬಂದರೆ ಅಲ್ಲಿಂದ ಹೊರಟುಬಿಡುವುದೇ ಸರಿ. ವಾಹನದ ಸಂಖ್ಯೆ ಕಾಣುವ ಚಿತ್ರವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಿ ಮಾಲೀಕರ ಮಾನ ಕಳೆಯುವುದನ್ನು ನಾನು ಒಪ್ಪುವುದಿಲ್ಲ. ಕಾರು ಮಾರಿದ ಮೇಲೂ ನೋಂದಣಿ ವರ್ಗಾಯಿಸದೆ ಬಿಟ್ಟವರು ಎಷ್ಟೋ ಮಂದಿ. ಹದಿನಾಲ್ಕು ದಿನಗಳೊಳಗೆ ವರ್ಗಾವಣೆಯನ್ನು ತಿಳಿಸಬೇಕೆಂದು ಕಾಯ್ದೆ ಹೇಳಿದರೂ ಅದು ನಡೆಯುವುದಿಲ್ಲ. ನೀವು ಬೈದದ್ದು ಹಳೆಯ ಮಾಲೀಕರನ್ನಾಗಿರಬಹುದು. ನೋಟಿಸ್ ತಪ್ಪಿ ಬಂದಾಗ ಆಗ ವಾಹನ ಯಾರ ಬಳಿ ಇತ್ತೆಂದು ಹೇಳುವ ಹೊಣೆ ಮಾಲೀಕರದು, ಅದನ್ನು ಕೇಳುವ ಅಧಿಕಾರ ಪೊಲೀಸರದು. ಬೀದಿಯಲ್ಲಿ ನಿಂತ ನಮ್ಮದಲ್ಲ.

ಆ್ಯಪ್ ಏನು ಮಾಡಲಾರದು ಎಂಬುದನ್ನೂ ಹೇಳಿಬಿಡುತ್ತೇನೆ. ಅದು ಈ ಕ್ಷಣದಲ್ಲಿ ದಾರಿ ಬಿಡಿಸುವುದಿಲ್ಲ. ಡಬಲ್ ಪಾರ್ಕಿಂಗ್‌ನಿಂದ ಆಂಬುಲೆನ್ಸ್ ಸಿಕ್ಕಿಕೊಂಡಿದ್ದರೆ ಚಿತ್ರ ತೆಗೆಯುತ್ತಾ ನಿಲ್ಲುವ ಹೊತ್ತಲ್ಲ ಅದು, 112ಕ್ಕೆ ಕರೆ ಮಾಡಬೇಕು. ಫುಟ್‌ಪಾತ್ ಮೇಲಿನ ಎಲ್ಲ ಅಡ್ಡಿಗಳೂ ಸಂಚಾರ ಪೊಲೀಸರ ಪಾಲಿನವಲ್ಲ. ಮರಳು, ಜಲ್ಲಿ, ಕಟ್ಟಡದ ಅವಶೇಷ, ಅಂಗಡಿ ಹೊರಗೆ ಚಾಚಿದ ಮೆಟ್ಟಿಲು, ಕುಸಿದ ಚಪ್ಪಡಿ, ಇವುಗಳಿಗೆ ಪಾಲಿಕೆಯ 1533 ಸಹಾಯವಾಣಿಗೆ ದೂರು ಕೊಡಬೇಕು. 2025ರ ಸೆಪ್ಟೆಂಬರಿನಿಂದ ನಗರದಲ್ಲಿ ಐದು ಪಾಲಿಕೆಗಳಾಗಿವೆ. ತಮ್ಮ ರಸ್ತೆ ಯಾವುದಕ್ಕೆ ಸೇರಿದೆ ಎಂದು ತಿಳಿದುಕೊಂಡಿದ್ದರೆ ದೂರು ಅಲೆಯುವುದು ತಪ್ಪುತ್ತದೆ. ಬೀದಿ ವ್ಯಾಪಾರಿಗಳ ವಿಷಯ ಇದೆರಡಕ್ಕಿಂತ ಬೇರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರ ಜೀವನೋಪಾಯಕ್ಕೆ ರಕ್ಷಣೆ ಕೊಟ್ಟಿದೆ, ಅವರಿಗೆ ಎಲ್ಲಿ ಜಾಗವೆಂದು ತೀರ್ಮಾನಿಸಲು ವ್ಯಾಪಾರ ಸಮಿತಿಗಳಿವೆ. ಸೊಪ್ಪು ಮಾರುವ ಮುದುಕಿಯ ಬುಟ್ಟಿ ಎರಡು ಅಡಿ ಜಾಗ ಹಿಡಿದಿದೆ ಎಂದು ಚಿತ್ರ ತೆಗೆದು, ಹದಿನಾಲ್ಕು ಅಡಿ ಉದ್ದದ ಕಾರನ್ನು ಬಿಟ್ಟು ಬರುವವರನ್ನು ಕಂಡಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಈಗ ನಿಮ್ಮ ಕಡೆಯ ಕೆಲಸಕ್ಕೆ ಬರುತ್ತೇನೆ.

ಒಂದು ವರದಿ ತಿರಸ್ಕೃತವಾದಾಗ ಅದರ ಕಾರಣ ಕನ್ನಡದಲ್ಲಿ, ಕಳುಹಿಸಿದವರಿಗೆ ಅರ್ಥವಾಗುವಂತೆ ತಿಳಿಯಬೇಕು. ‘ಸಾಕಷ್ಟು ಸಾಕ್ಷ್ಯವಿಲ್ಲ’ ಎಂಬ ಒಂದೇ ಸಾಲು ಏನನ್ನೂ ಕಲಿಸುವುದಿಲ್ಲ. ‘ಪ್ಲೇಟಿನ ಕೊನೆಯ ಅಂಕಿ ಓದಲಾಗುತ್ತಿಲ್ಲ’, ‘ಅಂಚುಗಲ್ಲು ಕಾಣುತ್ತಿಲ್ಲ’, ‘ವಾಹನ ನಿಂತಿದೆಯೋ ಚಲಿಸುತ್ತಿದೆಯೋ ತಿಳಿಯುತ್ತಿಲ್ಲ’, ‘ಇದೇ ವಾಹನದ ಮೇಲೆ ಇದೇ ಹೊತ್ತಿನ ವರದಿ ಈಗಾಗಲೇ ಬಂದಿದೆ’, ಇಂಥ ಹತ್ತು ಹನ್ನೆರಡು ವಾಕ್ಯಗಳನ್ನು ಮೊದಲೇ ಸಿದ್ಧಪಡಿಸಿಟ್ಟರೆ ಸಿಬ್ಬಂದಿ ಆರಿಸಿ ಒತ್ತುವುದಷ್ಟೇ ಬಾಕಿ. ಇದರಿಂದ ಲಾಭ ನಿಮಗೇ. ಕಾರಣ ತಿಳಿದವರು ಮುಂದಿನ ಸಲ ಸರಿಯಾದ ಚಿತ್ರ ಕಳುಹಿಸುತ್ತಾರೆ, ನಿಮ್ಮ ಪರಿಶೀಲನೆ ಹಗುರಾಗುತ್ತದೆ. ಕಾರಣ ತಿಳಿಯದವರು ಕೆಲವು ಸಲ ಕಳುಹಿಸಿ ಆ್ಯಪನ್ನೇ ಅಳಿಸಿಹಾಕುತ್ತಾರೆ.

ಪ್ರಕರಣ ದಾಖಲಾದ ಮೇಲೆ ನೋಟಿಸ್ ಬೇಗ ತಲುಪಬೇಕು. ಪೊಲೀಸರ ಕ್ಯಾಮೆರಾಗಳು ಹಿಡಿದ ಉಲ್ಲಂಘನೆಗೆ ಹದಿನೈದು ದಿನಗಳೊಳಗೆ ನೋಟಿಸ್ ಕೊಡಬೇಕೆಂದು 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ಹೇಳುತ್ತದೆ. ನಾಗರಿಕರ ಮೊಬೈಲ್ ಆ ನಿಯಮದಲ್ಲಿ ಹೇಳಿದ ಪ್ರಮಾಣೀಕೃತ ಸಾಧನವಲ್ಲ, ನಿಜ. ಆದರೂ ಅದೇ ಗಡುವನ್ನು ಇಲ್ಲಿಗೂ ಇಲಾಖೆಯೇ ಹಾಕಿಕೊಳ್ಳಬಹುದು. ಮೂರು ತಿಂಗಳ ನಂತರ ಬಂದ ನೋಟಿಸ್ ನೋಡಿದವರಿಗೆ ಆ ಸಂಜೆ, ಆ ದರ್ಶಿನಿ ನೆನಪಿಗೇ ಬರುವುದಿಲ್ಲ. ದಂಡ ಆಗ ತಪ್ಪಿಗೆ ಅಂಟಿಕೊಳ್ಳದೆ ವಾಹನ ಇಟ್ಟುಕೊಂಡದ್ದಕ್ಕೆ ಕಟ್ಟುವ ಇನ್ನೊಂದು ಶುಲ್ಕವಾಗುತ್ತದೆ.

ಬಾಕಿ ದಂಡದ ರಿಯಾಯಿತಿಯ ಬಗ್ಗೆಯೂ ಹೇಳದೆ ಇರಲಾರೆ. 2023ರ ಫೆಬ್ರುವರಿಯಲ್ಲಿ ಅರ್ಧ ದಂಡ ಕಟ್ಟಿದರೆ ಸಾಕೆಂದಾಗ ಜನ ಸಾಲುಗಟ್ಟಿ ನಿಂತರು. 2025ರಲ್ಲಿ ಮತ್ತೆ ಅದೇ ರಿಯಾಯಿತಿ ಬಂತು. ಹಣ ಸಂಗ್ರಹವಾಯಿತು, ಆದರೆ ಕಟ್ಟದೆ ಕಾದವರಿಗೆ ಲಾಭ, ಕೂಡಲೇ ಕಟ್ಟಿದವರಿಗೆ ನಷ್ಟ ಎಂದಾಯಿತು. ಸಾಮಾನ್ಯ ಉಲ್ಲಂಘನೆಗಳಿಗೆ ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನ ದಂಡದ ಮಿತಿಯೇ ಮೊದಲ ಸಲಕ್ಕೆ 500 ರೂಪಾಯಿ, ಮತ್ತೆ ಮಾಡಿದರೆ 1,500. ದುಬಾರಿ ಕಾರಿನವರಿಗೆ ಇದು ಊಟದ ಬಿಲ್ಲಿಗಿಂತ ಕಡಿಮೆ. ಅದರಲ್ಲೂ ಅರ್ಧ ಬಿಡುವುದಾದರೆ ಕನಿಷ್ಠ ಫುಟ್‌ಪಾತ್ ಮತ್ತು ಡಬಲ್ ಪಾರ್ಕಿಂಗ್ ಪ್ರಕರಣಗಳನ್ನಾದರೂ ರಿಯಾಯಿತಿಯಿಂದ ಹೊರಗಿಡುವಂತೆ ಸರ್ಕಾರಕ್ಕೆ ನೀವು ಬರೆಯಬೇಕು. ಇನ್ನೊಂದೆಡೆ, ದೆಹಲಿಯ ಸಂಚಾರ ಪೊಲೀಸರ ಹಾಗೆ ಹೆಚ್ಚು ವರದಿ ಮಾಡಿದವರಿಗೆ ಪ್ರತಿ ತಿಂಗಳು ನಗದು ಬಹುಮಾನ ಕೊಡಿ ಎಂದು ಇಲ್ಲಿಯೂ ಕೆಲವರು ಕೇಳುತ್ತಾರೆ. ನಾನು ಅದರ ಪರವಾಗಿಲ್ಲ. ಬಹುಮಾನ ಬಂದೊಡನೆ ಜನರು ಸುಲಭವಾಗಿ ಸಿಗುವ ತಪ್ಪುಗಳ ಹಿಂದೆ ಹೋಗುತ್ತಾರೆ. ಹೆಲ್ಮೆಟ್ ಇಲ್ಲದ ಸವಾರರ ಚಿತ್ರಗಳು ಒಂದೇ ಸಿಗ್ನಲ್‌ನಲ್ಲಿ ಐವತ್ತು ಸಿಗುತ್ತವೆ. ಐದು ನಿಮಿಷ ಕಾದು ಎರಡು ಚಿತ್ರ ತೆಗೆಯಬೇಕಾದ ಡಬಲ್ ಪಾರ್ಕಿಂಗ್ ಯಾರಿಗೆ ಬೇಕು?

ನನ್ನ ಮುಖ್ಯ ಕೋರಿಕೆ ಇದು. ವರದಿಗಳನ್ನು ವಾಹನದ ಸಂಖ್ಯೆಯ ಜೊತೆಗೆ ಜಾಗದ ಪ್ರಕಾರವೂ ಓದಿ. ಪ್ರತಿಯೊಂದು ವರದಿಯೊಂದಿಗೆ ಸ್ಥಳ ಮತ್ತು ಸಮಯ ನಿಮ್ಮ ಕೈಗೆ ಬರುತ್ತಿವೆ. ಮೇಲೆ ಹೇಳಿದ ದರ್ಶಿನಿಯ ಮುಂದೆ ಒಂದು ತಿಂಗಳಲ್ಲಿ ನಲವತ್ತು ಬೇರೆ ಬೇರೆ ವಾಹನಗಳ ವರದಿ ಬಂದಿವೆ, ಎಲ್ಲವೂ ಸಂಜೆ ಆರರಿಂದ ಎಂಟರೊಳಗೆ ಎಂದಿಟ್ಟುಕೊಳ್ಳಿ. ನಲವತ್ತು ಜನರಿಗೂ ದಂಡ ಬೀಳಬಹುದು, ಆದರೆ ಮುಂದಿನ ತಿಂಗಳು ಬರುವ ನಲವತ್ತು ಜನ ಬೇರೆಯವರು. ಅವರಲ್ಲಿ ಒಬ್ಬರಿಗೂ ಹಿಂದಿನವರಿಗೆ ದಂಡ ಬಿದ್ದದ್ದು ಗೊತ್ತಿರುವುದಿಲ್ಲ. ಅಲ್ಲಿ ತಪ್ಪು ಮರುಕಳಿಸುತ್ತಿರುವುದು ಆ ಜಾಗದ ರಚನೆಯಿಂದ. ಅದಕ್ಕೆ ಆರರಿಂದ ಎಂಟರವರೆಗೆ ಒಬ್ಬ ಸಿಬ್ಬಂದಿ ಬೇಕು, ಅಥವಾ ಹತ್ತಿರದ ಅಡ್ಡರಸ್ತೆಯಲ್ಲಿ ಶುಲ್ಕ ಕೊಟ್ಟು ನಿಲ್ಲಿಸುವ ಗುರುತು ಮಾಡಿದ ಜಾಗ ಬೇಕು. 2021ರಲ್ಲಿ ಒಪ್ಪಿಗೆ ಪಡೆದ ನಗರದ ಪಾರ್ಕಿಂಗ್ ನೀತಿ ಹೇಳುವುದೂ ರಸ್ತೆಬದಿಯ ನಿಲುಗಡೆಗೆ ಬೆಲೆಯಿರಬೇಕೆಂದೇ. ಇನ್ನು ಕೆಲವು ಕಡೆ ಸಮಸ್ಯೆ ಸಾಮಾನು ಇಳಿಸುವ ಟೆಂಪೊಗಳದು. ಬೆಳಗಿನ ಒಂದು ಹೊತ್ತನ್ನು ಅವುಗಳಿಗೆ ಗೊತ್ತುಮಾಡಿ ಜಾಗ ಗುರುತಿಸಿದರೆ ನಡುರಸ್ತೆಯಲ್ಲಿ ನಿಲ್ಲುವುದು ಅರ್ಧಕ್ಕರ್ಧ ಇಳಿಯುತ್ತದೆ.

ಫುಟ್‌ಪಾತ್ ವಿಷಯದಲ್ಲಿ ಬೇಕಾಗುವುದು ಇನ್ನೂ ಚಿಕ್ಕ ಕೆಲಸ. ಕಾರುಗಳು ಸಾಮಾನ್ಯವಾಗಿ ಹತ್ತುವುದು ಮನೆಯ ಗೇಟಿಗಾಗಿ ಇಳಿಜಾರು ಮಾಡಿದ ಕಡೆಯಿಂದ, ಇಲ್ಲವೇ ಮೂಲೆಯ ತಗ್ಗಿನಿಂದ. ಅಂಥ ಬಾಯಿಗಳಲ್ಲಿ ಗಟ್ಟಿಯಾದ ಗೂಟಗಳನ್ನು ನೆಟ್ಟರೆ ಒಂದೊಂದೇ ಕಾರನ್ನು ಹಿಡಿಯುವ ಅಗತ್ಯವೇ ಬೀಳುವುದಿಲ್ಲ. ಗೂಟಗಳ ನಡುವೆ ಗಾಲಿಕುರ್ಚಿ ಸಲೀಸಾಗಿ ಸಾಗಬೇಕು. ಸ್ಕೂಟರ್ ತಡೆಯುವ ಉತ್ಸಾಹದಲ್ಲಿ ಗೂಟಗಳನ್ನು ಒತ್ತೊತ್ತಾಗಿ ನೆಟ್ಟು ಗಾಲಿಕುರ್ಚಿಯನ್ನೂ ತಡೆದ ಜಾಗಗಳು ನಗರದಲ್ಲಿ ಬೇಕಾದಷ್ಟಿವೆ. ನೆಡುವ ಕೆಲಸ ಪಾಲಿಕೆಯ ಎಂಜಿನಿಯರುಗಳದು, ಎಲ್ಲಿ ನೆಡಬೇಕೆಂಬ ಮಾಹಿತಿ ನಿಮ್ಮಲ್ಲಿದೆ. ಪ್ರತಿ ಸಂಚಾರ ಠಾಣೆಯ ವ್ಯಾಪ್ತಿಯಲ್ಲಿ ಅತಿ ಹೆಚ್ಚು ವರದಿ ಬಂದ ಹತ್ತು ಜಾಗಗಳ ಪಟ್ಟಿಯನ್ನು, ಹೊತ್ತು ಮತ್ತು ತಪ್ಪಿನ ಬಗೆಯೊಂದಿಗೆ, ಪ್ರತಿ ತಿಂಗಳು ಆಯಾ ಪಾಲಿಕೆಗೆ ಕಳುಹಿಸಿ ಸಾರ್ವಜನಿಕವಾಗಿಯೂ ಪ್ರಕಟಿಸಿ. ಅದರಲ್ಲಿ ಯಾರ ಹೆಸರಾಗಲಿ, ವಾಹನದ ಸಂಖ್ಯೆಯಾಗಲಿ ಇರಬೇಕಿಲ್ಲ. ಮೂರು ತಿಂಗಳು ಸತತವಾಗಿ ಪಟ್ಟಿಯಲ್ಲಿರುವ ಜಾಗಕ್ಕೆ ಪಾಲಿಕೆಯ ಎಂಜಿನಿಯರ್ ಮತ್ತು ಠಾಣೆಯ ಇನ್‌ಸ್ಪೆಕ್ಟರ್ ಒಟ್ಟಿಗೆ ಹೋಗಿ ನೋಡಿ, ಏನು ಮಾಡುತ್ತೇವೆಂದು ಬರೆದು ಹಾಕಬೇಕು.

ಬೆಂಗಳೂರಿನಲ್ಲಿ ವಾಹನಗಳನ್ನು ಎಳೆದೊಯ್ಯುವ ಟೋಯಿಂಗ್ ವ್ಯವಸ್ಥೆಯನ್ನು ಜನರ ಸಿಟ್ಟಿಗೆ ಮಣಿದು 2022ರ ಆರಂಭದಲ್ಲಿ ನಿಲ್ಲಿಸಲಾಯಿತು. ಆ ಸಿಟ್ಟಿಗೆ ಕಾರಣಗಳಿದ್ದವು. ನಿಷಿದ್ಧ ಜಾಗದಲ್ಲಿ ನಿಂತ ವಾಹನವನ್ನು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯ ಅಪ್ಪಣೆಯಂತೆ ಸಾಗಿಸಲು ಕಾಯ್ದೆಯ 127ನೇ ಕಲಮು ಅವಕಾಶ ಕೊಟ್ಟಿದೆ. ಟೋಯಿಂಗ್ ಮತ್ತೆ ತರುವುದಾದರೆ ನಾನು ಹೇಳಿದ ಈ ಪಟ್ಟಿಯಿಂದಲೇ ಆರಂಭಿಸಿ. ಆಗ ಎಲ್ಲೋ ಸಂದಿಯಲ್ಲಿ ಯಾರಿಗೂ ತೊಂದರೆ ಕೊಡದ ಸ್ಕೂಟರನ್ನು ಎತ್ತಿಕೊಂಡು ಹೋದರೆಂಬ ಹಳೆಯ ದೂರು ಏಳುವುದಿಲ್ಲ. ವಾಹನ ಎತ್ತುವ ಮುನ್ನ ಸಿಬ್ಬಂದಿಯೂ ನಾಗರಿಕರಿಂದ ಕೇಳುವಂಥ ಚಿತ್ರವನ್ನೇ ತೆಗೆಯಲಿ: ಪ್ಲೇಟ್, ಅಂಚುಗಲ್ಲು, ಉಳಿದ ದಾರಿಯ ಅಗಲ.

ವರದಿ ಮಾಡಿದವರ ಹೆಸರು ಮತ್ತು ಮೊಬೈಲ್ ಸಂಖ್ಯೆ ಯಾವ ಹಂತದಲ್ಲೂ ವಾಹನದ ಮಾಲೀಕರಿಗೆ ತಿಳಿಯುವುದಿಲ್ಲ ಎಂಬ ಭರವಸೆಯನ್ನು ಆ್ಯಪ್‌ನ ಮೊದಲ ಪುಟದಲ್ಲೇ ಕನ್ನಡದಲ್ಲಿ ಹಾಕಿಸಿ. ಚಿತ್ರ ಕಳುಹಿಸುವವರಲ್ಲಿ ಬಹಳಷ್ಟು ಮಂದಿ ಕಳುಹಿಸುವುದು ತಮ್ಮದೇ ಬೀದಿಯ ಚಿತ್ರವನ್ನು, ಎಷ್ಟೋ ಸಲ ಪಕ್ಕದ ಮನೆಯ ಕಾರಿನದ್ದನ್ನು. ನಾಳೆಯೂ ಅವರು ಅದೇ ಬೀದಿಯಲ್ಲಿ ಬಾಳಬೇಕು. ಹೆಂಗಸರು, ಒಂಟಿಯಾಗಿರುವ ಹಿರಿಯರು ಹಿಂಜರಿಯುವುದು ಈ ಒಂದು ಕಾರಣಕ್ಕೇ.

ಜಾಗಗಳ ಪಟ್ಟಿಯನ್ನು ಮೊದಲು ಒಂದೇ ಸಂಚಾರ ಠಾಣೆಯ ವ್ಯಾಪ್ತಿಯಲ್ಲಿ ಆರಂಭಿಸುವುದಾದರೂ ಸರಿಯೇ. ಯಾವ ಠಾಣೆ, ಯಾವ ತಿಂಗಳಿನಿಂದ ಎಂಬುದನ್ನು ಪ್ರಕಟಣೆಯ ಮೂಲಕ ತಿಳಿಸಬೇಕಾಗಿ ವಿನಂತಿ.

ಇಂತಿ,
ಬೆಂಗಳೂರು ದಕ್ಷಿಣದ ಒಬ್ಬ ನಿವಾಸಿ